ಹತ್ತು ರೂಪಾಯಿಯ ಚಹಾದಲ್ಲಿ ಉಳಿಯುವುದೆಷ್ಟು?

ನಮ್ಮ ಗಡಿಭಾಗದ ಕಿರಾಣಿ ಅಂಗಡಿಗಳ ಖಾತೆ ಪುಸ್ತಕ ತೆರೆದು ನೋಡಿದರೆ ಪ್ರತಿ ಊರಿನಲ್ಲಿಯೂ ನಾಲ್ಕೈದು ಪುಟಗಳು ಚಹಾದಂಗಡಿಯವರ ಹೆಸರಿನಲ್ಲಿ ಇದ್ದೇ ಇರುತ್ತವೆ. ಸೋಲಾಪುರ, ಅಕ್ಕಲಕೋಟ, ಜತ್ತ, ಎಲ್ಲಿಯಾದರೂ ಸರಿ. ಸಕ್ಕರೆ ಇಷ್ಟು, ಚಹಾಪುಡಿ ಇಷ್ಟು, ಬಿಸ್ಕೀಟು ಇಷ್ಟು, ಜಮಾ ಇಷ್ಟು. ಈ ಪುಟಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅಂಗಡಿಯ ಮುಂದೆ ದಿನವಿಡೀ ಗಿರಾಕಿ ನಿಂತಿರುತ್ತಾರೆ, ವ್ಯಾಪಾರ ಮಂದವಿಲ್ಲ, ಮನುಷ್ಯ ದುಶ್ಚಟದವನಲ್ಲ, ಆದರೂ ಬಾಕಿ ತಿಂಗಳಿನಿಂದ ತಿಂಗಳಿಗೆ ಏರುತ್ತ ಹೋಗುತ್ತದೆ. ಕೇಳಿದರೆ, 'ಚಹಾದಾಗ ಅರ್ಧಕ್ಕರ್ಧ ಲಾಭ ಐತ್ರಿ ಶೇಠರ, ಸ್ವಲ್ಪ ತಡೀರಿ' ಎಂಬ ಉತ್ತರ. ಕೊಡಬಾರದೆಂಬ ಮನಸ್ಸೂ ಅವರಿಗೆ ಇರುವುದಿಲ್ಲ.

ಅರ್ಧಕ್ಕರ್ಧ ಲಾಭ ಎಂಬ ಈ ಮಾತು ಎಷ್ಟು ನಿಜ ಎಂಬುದನ್ನು ಪರೀಕ್ಷಿಸುವ ಪ್ರಸಂಗ ಅಕ್ಕಲಕೋಟದಲ್ಲಿ ಬಂದಿತು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಚಹಾದಂಗಡಿ. ನಡೆಸುವವರು ಐವತ್ತರ ಸುಮಾರಿನ ಗೃಹಸ್ಥರು, ಪೇಟೆಯಲ್ಲಿ ಎಲ್ಲರೂ ಅವರನ್ನು ಮಾಮಾ ಎಂದೇ ಕರೆಯುತ್ತಾರೆ. ಸಕ್ಕರೆ ಮತ್ತು ಪುಡಿ ನಮ್ಮ ಅಂಗಡಿಯಿಂದ ಹೋಗುತ್ತದೆ. ಮೂರು ತಿಂಗಳಲ್ಲಿ ಅವರ ಬಾಕಿ 23,600 ರೂಪಾಯಿಗೆ ಬಂದು ನಿಂತಿತು. ಇನ್ನು ಮಾಲು ಕೊಡುವುದೋ ಬಿಡುವುದೋ ಎಂದು ನಮ್ಮಲ್ಲಿ, ಅಂಗಡಿ ಇಡುವುದೋ ಮುಚ್ಚಿ ಸೋಲಾಪುರದಲ್ಲಿ ಕೂಲಿಗೆ ಹೋಗುವುದೋ ಎಂದು ಅವರಲ್ಲಿ ವಿಚಾರ ನಡೆದಿತ್ತು. ಅವರ ಮಗಳು ಆ ವರ್ಷ ಕಾಲೇಜು ಸೇರಿದ್ದಳು. ಮಾಲು ನಿಲ್ಲಿಸಿದರೆ ಅಂಗಡಿ ನಿಲ್ಲುತ್ತದೆ, ಅಂಗಡಿ ನಿಂತರೆ ಹಳೆಯ ಬಾಕಿಯೂ ಮುಳುಗುತ್ತದೆ. ಆದ್ದರಿಂದ ಮೊದಲು ಒಂದು ಕಪ್ಪಿಗೆ ಬೀಳುವ ಖರ್ಚು ನೋಡೋಣ, ಆಮೇಲೆ ಉಳಿದ ಮಾತು ಎಂದು ತೀರ್ಮಾನವಾಯಿತು.

ಚಹಾದ ಲೆಕ್ಕವನ್ನು ಕಪ್ಪಿನಿಂದ ಆರಂಭಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಒಂದು ಕಪ್ಪಿಗೆ ಎಷ್ಟು ಪುಡಿ, ಎಷ್ಟು ಸಕ್ಕರೆ ಎಂದು ಯಾರೂ ತೂಗಿ ಹಾಕುವುದಿಲ್ಲ. ಖರ್ಚಾಗುವುದು ಪಾತೇಲಿಯಲ್ಲಿ. ಒಂದು ಸಲಕ್ಕೆ ಒಲೆಯ ಮೇಲೆ ಇಡುವ ಒಂದು ಪಾತೇಲಿ ಚಹಾ, ಇದೇ ಲೆಕ್ಕದ ಮೂಲಮಾನ. ಅದಕ್ಕೆ ಬಿದ್ದ ಒಟ್ಟು ಖರ್ಚನ್ನು ಆ ಪಾತೇಲಿಯಿಂದ ಎಷ್ಟು ಕಪ್ ಮಾರಾಟವಾಯಿತೋ ಅಷ್ಟರಿಂದ ಭಾಗಿಸಬೇಕು. ಮೇಲಿನ ಅಂಕಿ ಹೊಂದಿಸುವುದು ಸುಲಭ. ಭಾಗಿಸುವ ಕೆಳಗಿನ ಅಂಕಿಯಲ್ಲಿಯೇ ಎಲ್ಲರೂ ಎಡವುತ್ತಾರೆ.

ಮಾಮಾ ಅವರ ಪಾತೇಲಿ ಹೀಗಿತ್ತು. ಎಮ್ಮೆಯ ಹಾಲು ಒಂದು ಲೀಟರು, ನೀರು ಮುಕ್ಕಾಲು ಲೀಟರು, ಸಕ್ಕರೆ 150 ಗ್ರಾಂ, ಚಹಾಪುಡಿ 40 ಗ್ರಾಂ. ಈ ತೂಕಗಳು ಅವರು ಬಾಯಿಂದ ಹೇಳಿದವಲ್ಲ. ಅವರು ಹೇಳಿದ್ದು 'ಸಕ್ಕರಿ ಎರಡ ಡಬ್ಬಿ, ಪುಡಿ ಒಂದು ಮುಟಗಿ'. ಆ ಡಬ್ಬಿಯನ್ನೂ ಆ ಮುಟಿಗೆಯನ್ನೂ ನಮ್ಮ ತಕ್ಕಡಿಯಲ್ಲಿ ಐದು ಸಲ ತೂಗಿಸಿ ಸರಾಸರಿ ತೆಗೆದದ್ದು. ಮುಟಿಗೆಯ ತೂಕ ಒಮ್ಮೆ 34 ಗ್ರಾಂ ಬಂದರೆ ಇನ್ನೊಮ್ಮೆ 47 ಬಂದಿತು. ಬೆಳಗಿನ ಚಹಾ ಒಂದು ರುಚಿ, ಮಧ್ಯಾಹ್ನದ್ದು ಇನ್ನೊಂದು ರುಚಿ ಎಂದು ಗಿರಾಕಿಗಳು ಏಕೆ ಹೇಳುತ್ತಿದ್ದರೆಂಬುದು ಅಲ್ಲಿಯೇ ತಿಳಿಯಿತು. ಹಸಿ ಶುಂಠಿ ಅವರು ಹಾಕುವುದಿಲ್ಲ. ಬಸದಿಗೆ ಹೋಗಿಬರುವ ನಮ್ಮ ಜನ ಅಲ್ಲಿ ನಿಲ್ಲುವುದಕ್ಕೆ ಅದೂ ಒಂದು ಕಾರಣ.

ದರಗಳನ್ನು ಲೆಕ್ಕ ಹಾಕಿದ ವಾರದಲ್ಲಿ ಅವರು ಕೊಟ್ಟಂತೆಯೇ ಹಿಡಿದಿದ್ದೇವೆ. ವಾಚಕರು ತಮ್ಮ ಊರಿನ ದರ ಹಾಕಿಕೊಳ್ಳಬೇಕು. ಹಾಲು ಲೀಟರಿಗೆ 60 ರೂಪಾಯಿ. ಸಕ್ಕರೆ ಕಿಲೋಕ್ಕೆ 44, ಅಂದರೆ ಪಾತೇಲಿಗೆ 6 ರೂಪಾಯಿ 60 ಪೈಸೆ. ಪುಡಿ ಕಿಲೋಕ್ಕೆ 320, ಪಾತೇಲಿಗೆ 12 ರೂಪಾಯಿ 80 ಪೈಸೆ.

ಉಳಿದದ್ದು ಗ್ಯಾಸು. ಇದನ್ನು ತೂಗಲು ಬರುವುದಿಲ್ಲವೆಂದು ಹೆಚ್ಚಿನವರು ಅಂದಾಜಿನಿಂದ ರೂಪಾಯಿ, ಎರಡು ರೂಪಾಯಿ ಹಾಕಿ ಬಿಡುತ್ತಾರೆ. ಅಳೆಯುವ ರೀತಿ ಬಹಳ ಸರಳವಿದೆ. ಹೊಸ ಸಿಲಿಂಡರ್ ಜೋಡಿಸಿದ ತಾರೀಖನ್ನು ಗೋಡೆಯ ಮೇಲೆ ಬರೆಯಬೇಕು, ತೀರಿದ ತಾರೀಖನ್ನೂ ಬರೆಯಬೇಕು, ನಡುವೆ ಇಟ್ಟ ಪಾತೇಲಿಗಳನ್ನು ಗೆರೆ ಎಳೆದು ಎಣಿಸಬೇಕು. ಮಾಮಾ ಅವರ 19 ಕಿಲೋದ ಸಿಲಿಂಡರ್ 15 ದಿನ ಬಂದಿತು. ದಿನಕ್ಕೆ 15 ಪಾತೇಲಿಯಂತೆ ಒಟ್ಟು 225 ಪಾತೇಲಿ. ಸಿಲಿಂಡರಿಗೆ ಕೊಟ್ಟದ್ದು 1,800 ರೂಪಾಯಿ. ಅಂದರೆ ಪಾತೇಲಿಗೆ ಸರಿಯಾಗಿ 8 ರೂಪಾಯಿ. (ಮನೆಯ 14.2 ಕಿಲೋದ ಸಿಲಿಂಡರನ್ನು ಅಂಗಡಿಯಲ್ಲಿ ಉರಿಸಿ ಈ ಖರ್ಚು ಇಳಿಸುವವರಿದ್ದಾರೆ. ಅದು ಕಾಯಿದೆಗೆ ವಿರುದ್ಧ. ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತದೆ, ಅಂಗಡಿಯ ಹೆಸರೂ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.)

ಎಲ್ಲ ಕೂಡಿಸಿದರೆ 60, 6.60, 12.80, 8, ಒಟ್ಟು 87 ರೂಪಾಯಿ 40 ಪೈಸೆ. ಇದರ ಮೇಲೆ ಕಾಗದದ ಕಪ್ಪು. ಸಾವಿರಕ್ಕೆ 450 ರೂಪಾಯಿ, ಒಂದಕ್ಕೆ 45 ಪೈಸೆ.

ಇನ್ನು ಕೆಳಗಿನ ಅಂಕಿ. 'ಒಂದ ಪಾತೇಲಿಗೆ ಎಷ್ಟ ಕಪ್ ಆಗ್ತಾವ ಮಾಮಾ?' ಎಂದು ಕೇಳಿದಾಗ ತಡವಿಲ್ಲದೆ 'ಇಪ್ಪತ್ತೆರಡು' ಎಂದರು. ಈ ಇಪ್ಪತ್ತೆರಡು ಎಲ್ಲಿಂದ ಬಂತೆಂಬುದು ಸ್ಪಷ್ಟ. ಹಾಲು, ನೀರು ಸೇರಿ 1,750 ಮಿಲಿಲೀಟರು, ಕಪ್ಪಿಗೆ ಹೊಯ್ಯುವುದು 80. ಭಾಗಿಸಿದರೆ ಹತ್ತಿರ ಹತ್ತಿರ ಇಪ್ಪತ್ತೆರಡೇ ಬರುತ್ತದೆ. ಆ ಪ್ರಕಾರ ಕಪ್ಪಿಗೆ 3 ರೂಪಾಯಿ 97 ಪೈಸೆ, ಕಾಗದದ ಕಪ್ಪು ಸೇರಿ 4 ರೂಪಾಯಿ 42 ಪೈಸೆ. ಹತ್ತು ರೂಪಾಯಿಗೆ ಮಾರಿದರೆ ಅರ್ಧಕ್ಕಿಂತ ಹೆಚ್ಚೇ ಉಳಿಯಬೇಕು. ಅವರ ನಂಬಿಕೆ ಸುಳ್ಳು ಹೇಳುವ ಮನುಷ್ಯನದಲ್ಲ, ಒಲೆಯ ಮೇಲೆ ಇಟ್ಟದ್ದೆಲ್ಲ ಕಪ್ಪಿಗೆ ಬರುತ್ತದೆ ಎಂದು ತಿಳಿದ ಮನುಷ್ಯನದು.

ಹಾಗೆ ಬರುವುದಿಲ್ಲ. ಸಕ್ಕರೆ ಕರಗಿದಾಗ ಪ್ರಮಾಣ 90 ಮಿಲಿಲೀಟರಿನಷ್ಟು ಹೆಚ್ಚುತ್ತದೆ, ಅದು ನಿಜ. ಆದರೆ ಚೆನ್ನಾಗಿ ಕುದಿಸುವಾಗ 200 ಮಿಲಿಲೀಟರಿನಷ್ಟು ಉಗಿಯಾಗಿ ಹೋಗುತ್ತದೆ. ಪುಡಿಯು ತನ್ನ ತೂಕದ ಮೂರು ನಾಲ್ಕು ಪಟ್ಟು ನೀರನ್ನು ಹೀರಿಕೊಂಡು ಸೋಸುವ ಬಟ್ಟೆಯಲ್ಲಿ ಉಳಿಯುತ್ತದೆ. ಬಟ್ಟೆಯನ್ನು ಬಿಗಿಯಾಗಿ ಹಿಂಡಿ ಅದನ್ನು ತೆಗೆಯಬಹುದು, ಆದರೆ ಅದರೊಂದಿಗೆ ಕಹಿಯೂ ಒಗರೂ ಇಳಿದು ಬರುತ್ತದೆ. ಪಾತೇಲಿಯ ಅಂಚಿಗೆ ಹತ್ತಿದ ಕೆನೆ, ಕಿಟ್ಲಿಯ ತಳದಲ್ಲಿ ಉಳಿದದ್ದು, ಹೊಯ್ಯುವಾಗ ಚೆಲ್ಲಿದ್ದು ಬೇರೆ. ಸೋಸಿದ ಚಹಾವನ್ನು ಲೀಟರಿನ ಮಾಪಿನಲ್ಲಿ ಅಳೆದು ನೋಡಿದರೆ ಕಪ್ಪಿಗೆ ಬರುವುದು 1,440 ಮಿಲಿಲೀಟರು ಮಾತ್ರ. ಅಂದರೆ ಹದಿನೆಂಟು ಕಪ್ಪು. ನಾಲ್ಕು ಕಪ್ಪು ಒಲೆಯ ಹತ್ತಿರವೇ ಮುಗಿದು ಹೋದವು. ಇದು ನಷ್ಟವಲ್ಲ, ಚಹಾ ಆಗಬೇಕಾದರೆ ಇಷ್ಟು ಹೋಗಲೇಬೇಕು. ಆದರೆ ಲೆಕ್ಕದಲ್ಲಿ ಅದು ಇರಬೇಕು. ಹದಿನೆಂಟರಿಂದ ಭಾಗಿಸಿದಾಗ ಕಾಗದದ ಕಪ್ಪು ಸೇರಿ 5 ರೂಪಾಯಿ 31 ಪೈಸೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಪ್ಪಿಗೆ 80 ಹೊಯ್ಯುತ್ತೇನೆ ಎನ್ನುವ ಕೈ ನಿಜವಾಗಿ ಎಷ್ಟು ಹೊಯ್ಯುತ್ತದೆ? ಪರಿಚಯದ ಗಿರಾಕಿಗೆ ಕಪ್ಪು ತುಂಬಿ 90 ಹೋಗುವುದು ಸಹಜ. ಎಲ್ಲರಿಗೂ 90 ಹೋದರೆ ಹದಿನೆಂಟು ಕಪ್ಪು ಹದಿನಾರಾಗುತ್ತದೆ. ಮಾಮಾ ಅವರ ಕೈ ಮಾತ್ರ ಆಶ್ಚರ್ಯಕರವಾಗಿ ಸ್ಥಿರವಾಗಿತ್ತು. ಹತ್ತು ಕಪ್ಪು ಅಳೆದರೂ 78ರಿಂದ 83ರ ಒಳಗೇ ಇದ್ದವು. ಇಪ್ಪತ್ತು ವರ್ಷದ ಅಭ್ಯಾಸ.

ಮುಂದಿನ ಪ್ರಶ್ನೆ, ಆದ ಹದಿನೆಂಟು ಕಪ್ಪಿನಲ್ಲಿ ಮಾರಿದ್ದೆಷ್ಟು? ಇದನ್ನು ತಿಳಿಯಲು ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ಎಣಿಕೆ ಮಾಡಲಾಯಿತು. ಎಣಿಕೆಗೆ ವಿಶೇಷ ಸಾಧನವೇನೂ ಬೇಕಾಗಲಿಲ್ಲ. ಕಾಗದದ ಕಪ್ಪುಗಳು ಕಟ್ಟಿನಲ್ಲಿ ಬರುತ್ತವೆ. ಬೆಳಿಗ್ಗೆ ಎಷ್ಟಿದ್ದವು, ರಾತ್ರಿ ಎಷ್ಟು ಉಳಿದವು ಎಂದು ನೋಡಿದರೆ ಹೊಯ್ದ ಕಪ್ಪಿನ ಸಂಖ್ಯೆ ಬಂದಿತು. ಗಲ್ಲೆಯ ಹಣ ಮತ್ತು ಫೋನಿನಲ್ಲಿ ಬಂದ ಹಣ ಕೂಡಿಸಿ, ಅದರಲ್ಲಿ ಬಿಸ್ಕೀಟಿನದು ಕಳೆದು, ಹತ್ತರಿಂದ ಭಾಗಿಸಿದರೆ ಹಣ ಬಂದ ಕಪ್ಪಿನ ಸಂಖ್ಯೆ ಬಂದಿತು. ಉಳಿದ ಚಹಾವನ್ನು ಗಟಾರಿಗೆ ಚೆಲ್ಲದೆ ಒಂದು ಬಕೀಟಿಗೆ ಹಾಕಿಡಬೇಕೆಂದು ಹೇಳಿದ್ದೆವು.

ಮೂರು ದಿನದ ಸರಾಸರಿ ಹೀಗಿತ್ತು. ದಿನಕ್ಕೆ 15 ಪಾತೇಲಿ, ಆದ ಚಹಾ 270 ಕಪ್ಪು, ಹೊಯ್ದದ್ದು 225, ಹಣ ಬಂದದ್ದು 210.

ಬಕೀಟಿನಲ್ಲಿ ಸೇರಿದ ಚಹಾ ಮೂರೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ನೋಡಿ ಮಾಮಾ ಸುಮ್ಮನೆ ನಿಂತರು. ಒಂದೊಂದು ಪಾತೇಲಿಯ ತಳದ ಎರಡು ಮೂರು ಕಪ್ಪು ಆಗಾಗ ಚೆಲ್ಲುವಾಗ ಕಣ್ಣಿಗೆ ಏನೂ ಅನಿಸುವುದಿಲ್ಲ. ದಿನದ್ದೆಲ್ಲ ಒಂದೇ ಕಡೆ ಸೇರಿದಾಗ ಅದು 45 ಕಪ್ಪು. ಅದರಲ್ಲಿ ಎರಡೂವರೆ ಲೀಟರು ಹಾಲು, ಅಂದರೆ ಹಾಲಿನದೇ 150 ರೂಪಾಯಿ. ಗೌಳಿಗೆ ಪ್ರತಿದಿನ ನಗದು ಎಣಿಸಿ ಕೊಟ್ಟ ಹಾಲು ಅದು.

ಹೊಯ್ದ 225ಕ್ಕೂ ಹಣ ಬಂದ 210ಕ್ಕೂ ನಡುವಿನ ಹದಿನೈದು ಕಪ್ಪು ಎಲ್ಲಿಗೆ ಹೋದವೆಂಬುದು ಯಾವ ಚಹಾದಂಗಡಿಯವರಿಗೂ ಗೊತ್ತಿದ್ದದ್ದೇ. ತಾವು ಕುಡಿದದ್ದು, ಕೆಲಸದವನು ಕುಡಿದದ್ದು, ಹಾಲಿನವನಿಗೆ ಕೊಟ್ಟದ್ದು, 'ಬರೆದುಕೋ' ಎಂದು ಹೋದವರು, ಹಣ ಕೇಳಲು ಧೈರ್ಯ ಸಾಲದವರು. ಇದರಲ್ಲಿ ಅರ್ಧದಷ್ಟನ್ನು ನಿಲ್ಲಿಸಲು ಆಗುವುದಿಲ್ಲ. ನಾವೂ ಅಂಗಡಿಯಲ್ಲಿ ಬಂದವರಿಗೆ ಚಹಾ ತರಿಸುವವರೇ. ಆದರೆ ಅದು ಧರ್ಮಾರ್ಥವಲ್ಲ, ವ್ಯಾಪಾರದ ಖರ್ಚು, ಉಳಿದ ಕಪ್ಪುಗಳೇ ಅದನ್ನು ಹೊರಬೇಕು.

ಈಗ ಒಂದು ಪಾತೇಲಿಗೆ ಹಣ ಬಂದ ಕಪ್ಪು 14, ಹೊಯ್ದ ಕಪ್ಪು 15. ಪಾತೇಲಿಯ 87 ರೂಪಾಯಿ 40 ಪೈಸೆಗೆ ಹದಿನೈದು ಕಾಗದದ ಕಪ್ಪಿನ 6 ರೂಪಾಯಿ 75 ಪೈಸೆ ಸೇರಿಸಿದರೆ 94 ರೂಪಾಯಿ 15 ಪೈಸೆ. ಹದಿನಾಲ್ಕರಿಂದ ಭಾಗಿಸಿದಾಗ 6 ರೂಪಾಯಿ 72 ಪೈಸೆ. ಹಾಲು ಅದೇ, ಸಕ್ಕರೆ ಅದೇ, ಪುಡಿ ಅದೇ, ಒಲೆ ಅದೇ. ಭಾಗಿಸುವ ಅಂಕಿ ಇಪ್ಪತ್ತೆರಡರಿಂದ ಹದಿನಾಲ್ಕಕ್ಕೆ ಇಳಿದಾಗ ಕಪ್ಪಿನ ಖರ್ಚು ನಾಲ್ಕು ಚಿಲ್ಲರೆಯಿಂದ ಆರು ಮುಕ್ಕಾಲಿನ ಹತ್ತಿರ ಬಂದಿತು.

ಹಾಗಾದರೆ ನಮ್ಮ ಖಾತೆಯಲ್ಲಿ ಬಾಕಿ ಏಕೆ ಬೆಳೆಯಿತು? ದಿನದ ಗಲ್ಲೆ 2,100 ರೂಪಾಯಿ. ಹದಿನೈದು ಪಾತೇಲಿಯ ಖರ್ಚು 1,412. ಉಳಿದದ್ದು 688. ಜಾಗದ ಬಾಡಿಗೆ ದಿನಕ್ಕೆ 100, ಅರ್ಧ ದಿನ ಬರುವ ಕೆಲಸದವನಿಗೆ 250. ಇವು ಹೋದ ಮೇಲೆ ಕೈಯಲ್ಲಿ ನಿಲ್ಲುವುದು 338 ರೂಪಾಯಿ. ಮಾಮಾ ಮನೆಗೆ ಒಯ್ಯುತ್ತಿದ್ದದ್ದು 600. ಅರ್ಧಕ್ಕರ್ಧ ಲಾಭವೆಂದು ನಂಬಿದ ಮನುಷ್ಯ 2,100ರಲ್ಲಿ 1,050 ಲಾಭವೆಂದು ತಿಳಿದು, ಬಾಡಿಗೆ ಪಗಾರ ಕಳೆದು, 700ರ ಬದಲು 600 ಒಯ್ಯುತ್ತಿದ್ದೇನೆ, ಕಾಳಜಿಯಿಂದಲೇ ಇದ್ದೇನೆ ಎಂದುಕೊಂಡಿದ್ದರು. ದಿನಕ್ಕೆ 262 ರೂಪಾಯಿ ಕಡಿಮೆ ಬೀಳುತ್ತಿತ್ತು. ಗೌಳಿ ಉಧಾರಿ ಕೊಡುವುದಿಲ್ಲ, ಗ್ಯಾಸಿನವ ಕೊಡುವುದಿಲ್ಲ, ಕೆಲಸದವ ತಡೆಯುವುದಿಲ್ಲ. ತಡೆಯುವವರು ನಾವು. ದಿನಕ್ಕೆ ನಮ್ಮಿಂದ ಹೋಗುವ ಸಕ್ಕರೆ, ಪುಡಿಯ ಬೆಲೆ 291 ರೂಪಾಯಿ. ಕೊರತೆಯಾದ 262 ಅದರಲ್ಲಿಯೇ ಅಡಗಿ ಕುಳಿತಿತ್ತು. ತೊಂಬತ್ತು ದಿನಕ್ಕೆ ಗುಣಿಸಿದರೆ 23,580. ಖಾತೆಯ ಬಾಕಿಗೂ ಇದಕ್ಕೂ ಇಪ್ಪತ್ತು ರೂಪಾಯಿಯ ಅಂತರ. ಅವರ ಮನೆಯ ಖರ್ಚಿನ ಒಂದು ಭಾಗ ಮೂರು ತಿಂಗಳು ನಮ್ಮ ಅಂಗಡಿಯಿಂದ ನಡೆದಿತ್ತು, ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಖರ್ಚು ಇಳಿಸುವುದೆಂದರೆ ಮೊದಲು ಸಕ್ಕರೆಯ ಕಡೆಗೆ ಕೈ ಹೋಗುತ್ತದೆ. ಸಕ್ಕರೆ ಕಿಲೋಕ್ಕೆ ನಾಲ್ಕು ರೂಪಾಯಿ ಏರಿದರೆ ಪೇಟೆಯಲ್ಲಿ ಗದ್ದಲ. ಆದರೆ ಈ ಪಾತೇಲಿಯಲ್ಲಿ ಅದರಿಂದ ಆಗುವ ವ್ಯತ್ಯಾಸ 60 ಪೈಸೆ, ಕಪ್ಪಿಗೆ ನಾಲ್ಕು ಪೈಸೆ. ಅದೇ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದರೆ ಕಪ್ಪಿಗೆ 29 ಪೈಸೆ. ಪಾತೇಲಿಯ ಖರ್ಚಿನಲ್ಲಿ ಹತ್ತಕ್ಕೆ ಏಳು ಪಾಲು ಹಾಲೇ ಇರುವುದರಿಂದ ಹೀಗೆ. ಸಕ್ಕರೆ ಮಾರುವ ನಾವು ಸಕ್ಕರೆಯನ್ನೇ ದೊಡ್ಡದೆಂದು ತಿಳಿದಿರುತ್ತೇವೆ, ಚಹಾದಂಗಡಿಯವರಿಗೆ ಅದು ಚಿಲ್ಲರೆ ಬಾಬ್ತು.

ಅಗ್ಗದ ಪುಡಿಯ ಮಾತೂ ಬಂದಿತು. ಕಿಲೋಕ್ಕೆ 240ರ ಪುಡಿ ಹಾಕಿ ನೋಡಿದೆವು. ಮೊದಲಿನ ಬಣ್ಣ, ಮೊದಲಿನ ಕಡಕು ಬರಲು 40ರ ಬದಲು 55 ಗ್ರಾಂ ಬೇಕಾಯಿತು. ಅದರ ಬೆಲೆ 13 ರೂಪಾಯಿ 20 ಪೈಸೆ, ಮೊದಲಿಗಿಂತ 40 ಪೈಸೆ ಹೆಚ್ಚೇ. ಹೆಚ್ಚಿನ ಪುಡಿ ಹೆಚ್ಚು ನೀರನ್ನೂ ಹೀರಿತು. ಪುಡಿಯ ಬೆಲೆಯನ್ನು ಕಿಲೋದಿಂದ ನೋಡದೆ ಪಾತೇಲಿಯಿಂದ ನೋಡಬೇಕು. ಇದಕ್ಕಿಂತಲೂ ಅಗ್ಗದ, ಕೂಡಲೇ ಕೆಂಪು ಬಿಡುವ ಪುಡಿ ಸಿಗುತ್ತದೆ. ಅಂಥದರ ಮೇಲೆ ಸಂಶಯವಿದ್ದರೆ ಬಿಳಿಯ ಸೋಸು ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ ತಣ್ಣೀರು ಚಿಮುಕಿಸಬೇಕು. ಬೆರೆಸಿದ ಬಣ್ಣವಿದ್ದರೆ ಕಾಗದದ ಮೇಲೆ ಕೂಡಲೇ ಕಲೆ ಇಳಿಯುತ್ತದೆ.

ಇನ್ನೂ ಒಂದು ದಾರಿ ಇತ್ತು. 80ರ ಕಪ್ಪಿನ ಬದಲು ಹೊರಗಿನಿಂದ ಅಷ್ಟೇ ದೊಡ್ಡದಾಗಿ ಕಾಣುವ, ಒಳಗೆ 60 ಹಿಡಿಯುವ ದಪ್ಪ ತಳದ ಗಾಜಿನ ಲೋಟ. ಲೆಕ್ಕದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ, ಹದಿನೆಂಟರ ಕಡೆಗೆ ಇಪ್ಪತ್ನಾಲ್ಕು ಕಪ್ಪು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಹೆಸರಿಸಿ ಹೇಳಿದೆ. ಅಳತೆಯಲ್ಲಿ ಮರೆ, ಮಾಲಿನಲ್ಲಿ ಮರೆ, ಎರಡೂ ಬೇಡವೆಂದು. ಅರವತ್ತರ ಕಪ್ಪು ಮಾರುವುದು ತಪ್ಪಲ್ಲ, ಕಟಿಂಗ್ ಎಂದು ಎಲ್ಲ ಕಡೆ ಮಾರುತ್ತಾರೆ. ಅರವತ್ತನ್ನು ಎಂಬತ್ತೆಂದು ತೋರಿಸುವುದು ತಪ್ಪು. ಮಾಮಾ ಜೈನರಲ್ಲ, ಆದರೆ ಆ ಲೋಟ ತಂದು ತೋರಿಸಿದವನಿಗೆ ಅವರು ಹೇಳಿದ ಮಾತು ಒಂದೇ: 'ಗುರುವಾರ ಬಂದು ಹೋಗಾವರಿಗೆ ಇದು ನಡೀತದ, ದಿನಾ ಬರಾವರು ಎರಡನೇ ದಿನಾನ ಹಿಡೀತಾರ.'

ಗುರುವಾರದ ಮಾತು ಬಂದದ್ದರಿಂದ ಹೇಳಬೇಕು. ಅಕ್ಕಲಕೋಟದಲ್ಲಿ ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರ ದಟ್ಟಣೆ. ಅಂದು ಪಾತೇಲಿ ಇಳಿಸಿದ ಹತ್ತು ನಿಮಿಷದಲ್ಲಿ ಖಾಲಿ. ಹದಿನೆಂಟಕ್ಕೆ ಹದಿನೆಂಟೂ ಹೋಗುತ್ತವೆ, ಅದೇ ಚಹಾದ ಖರ್ಚು ಕಪ್ಪಿಗೆ ಐದೂವರೆಯ ಆಸುಪಾಸಿಗೆ ಇಳಿಯುತ್ತದೆ. ಚೆಲ್ಲುವುದೆಲ್ಲ ಉಳಿದ ದಿನಗಳಲ್ಲಿ, ಅದೂ ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರ ನಡುವೆ. ಆಗ ಗಿರಾಕಿ ಒಬ್ಬೊಬ್ಬರಾಗಿ ಬರುತ್ತಾರೆ. ಹದಿನೆಂಟು ಕಪ್ಪು ಮಾರಿ ಮುಗಿಯಲು ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಿಟ್ಲಿ ಸಣ್ಣ ಉರಿಯ ಮೇಲೆ ಕುಳಿತಿರುತ್ತದೆ, ಚಹಾ ಕಪ್ಪಾಗುತ್ತದೆ, ಕೊನೆಯ ಮೂರು ನಾಲ್ಕು ಕಪ್ಪು ಯಾರಿಗೂ ಕೊಡುವಂತೆ ಇರುವುದಿಲ್ಲ. ಚಹಾವೂ ಹಾಳು, ಗ್ಯಾಸೂ ಹಾಳು. ಹಳೆಯದನ್ನು ಹೊಸ ಪಾತೇಲಿಗೆ ಬೆರೆಸಿದರೆ ಹೊಸ ಹದಿನೆಂಟು ಕಪ್ಪಿನ ರುಚಿಯೂ ಕೆಡುತ್ತದೆ.

ಉಪಾಯ ಅಲ್ಲಿಯೇ ಇತ್ತು. ಹತ್ತರಿಂದ ನಾಲ್ಕರವರೆಗೆ ಅರ್ಧ ಲೀಟರು ಹಾಲಿನ ಸಣ್ಣ ಪಾತೇಲಿ ಇಡಬೇಕು. ಕಿಟ್ಲಿಯ ಕೆಳಗಿನ ಉರಿ ಆರಿಸಿ, ಚಹಾವನ್ನು ಉಕ್ಕಿನ ಥರ್ಮಾಸಿಗೆ ಹಾಕಿಡಬೇಕು. ಅದರಲ್ಲಿ ಅರ್ಧ ಮುಕ್ಕಾಲು ಗಂಟೆ ಬಿಸಿಯೂ ಉಳಿಯುತ್ತದೆ, ಕುದಿಯುವುದೂ ನಿಲ್ಲುತ್ತದೆ. ಮಾಮಾ ಮೊದಲು ಒಪ್ಪಲಿಲ್ಲ. ಸಣ್ಣ ಪಾತೇಲಿ ಇಟ್ಟರೆ ಗಿರಾಕಿ ಬಂದಾಗ ಚಹಾ ಇಲ್ಲದೆ ಹೋಗುತ್ತದೆ ಎಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ. ಮೊದಲ ವಾರ ಎರಡು ಸಲ ಒಂದು ಬಸ್ಸಿನ ಜನರೆಲ್ಲ ಒಮ್ಮೆಲೇ ಇಳಿದು ಅಂಗಡಿಯಲ್ಲಿ ಐದೇ ಕಪ್ಪು ಇದ್ದವು. ಆಮೇಲೆ ಬಸ್ಸಿನ ವೇಳೆ ನೋಡಿ ಪಾತೇಲಿ ಇಡತೊಡಗಿದರು.

ಒಂದು ತಿಂಗಳ ಮೇಲೆ ಮತ್ತೆ ಎಣಿಸಿದೆವು. ಒಂದು ಲೀಟರು ಹಾಲಿನ ಚಹಾದಲ್ಲಿ ಹದಿನೆಂಟಕ್ಕೆ ಹೊಯ್ದದ್ದು 17, ಹಣ ಬಂದದ್ದು 16. ಸಿಲಿಂಡರ್ ಹದಿನೈದು ದಿನದ ಬದಲು ಇಪ್ಪತ್ತು ದಿನದ ಮೇಲೆ ಬಂದು, ಗ್ಯಾಸಿನ ಖರ್ಚು ಲೀಟರು ಹಾಲಿಗೆ 8ರಿಂದ 6 ರೂಪಾಯಿಗೆ ಇಳಿಯಿತು. ಕಪ್ಪಿನ ಖರ್ಚು 5 ರೂಪಾಯಿ 82 ಪೈಸೆ. ತೊಂಬತ್ತು ಪೈಸೆಯ ಉಳಿತಾಯ. ಅದೇ 210 ಕಪ್ಪು ಮಾರಲು ಹದಿನೈದು ಲೀಟರು ಹಾಲಿನ ಬದಲು ಹದಿಮೂರು ಲೀಟರಿಗೆ ಸ್ವಲ್ಪ ಮೇಲೆ ಸಾಕಾಯಿತು. (ನಮ್ಮ ಸಕ್ಕರೆ, ಪುಡಿಯ ಮಾರಾಟ ಅಷ್ಟರ ಮಟ್ಟಿಗೆ ಇಳಿಯಿತು. ಉಧಾರಿಯ ಹದಿನೈದಕ್ಕಿಂತ ನಗದಿನ ಹದಿಮೂರು ಮೇಲು.) ಬಾಡಿಗೆ, ಪಗಾರ ಹೋಗಿ ಕೈಯಲ್ಲಿ ಉಳಿದದ್ದು 338ರ ಬದಲು 529 ರೂಪಾಯಿ.

ಇಷ್ಟಾದರೂ 600ಕ್ಕೆ 71 ಕಡಿಮೆ, ಹಳೆಯ ಬಾಕಿಗಂತೂ ಏನೂ ಇಲ್ಲ. ಉಳಿದದ್ದು ದರದ ಮಾತು. ಹನ್ನೆರಡು ಮಾಡೋಣವೆಂದರೆ ಮಾಮಾ, 'ಬಾಜೂದಾಗ ಹತ್ತಕ್ಕ ಕೊಡ್ತಾರ, ನನ್ನ ಕಡೆ ಯಾರು ಬರ್ತಾರ್ರಿ?' ಎಂದರು. ಎಷ್ಟು ಗಿರಾಕಿ ಹೋದರೆ ನಷ್ಟ ಎಂಬುದನ್ನು ಕಾಗದದ ಮೇಲೆ ತೋರಿಸಬೇಕಾಯಿತು. ಹತ್ತಕ್ಕೆ ಮಾರಿದರೆ ಕಪ್ಪಿಗೆ ಉಳಿಯುವುದು 4 ರೂಪಾಯಿ 18 ಪೈಸೆ, 210 ಕಪ್ಪಿಗೆ 878. ಹನ್ನೆರಡಕ್ಕೆ ಮಾರಿದರೆ ಕಪ್ಪಿಗೆ 6 ರೂಪಾಯಿ 18 ಪೈಸೆ. ಅದೇ 878 ಬರಲು 142 ಕಪ್ಪು ಸಾಕು. ಅಂದರೆ ಮೂರು ಗಿರಾಕಿಗಳಲ್ಲಿ ಒಬ್ಬ ಎದ್ದು ಹೋದರೂ ಗಲ್ಲೆಯಲ್ಲಿ ಉಳಿಯುವುದು ಅಷ್ಟೇ. ಖರ್ಚು ತಿಳಿಯದವನಿಗೆ ದರ ಏರಿಸುವುದು ಜೂಜು, ತಿಳಿದವನಿಗೆ ಎಲ್ಲಿಯವರೆಗೆ ಜಾಗವಿದೆ ಎಂಬುದು ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಇತ್ತು. ಗಿರಾಕಿ ಇಳಿದಾಗ ಪಾತೇಲಿಯನ್ನೂ ಇಳಿಸದಿದ್ದರೆ ಚೆಲ್ಲುವುದು ಮತ್ತೆ ಹೆಚ್ಚಿ 5 ರೂಪಾಯಿ 82 ಪೈಸೆಯ ಲೆಕ್ಕವೇ ಕೆಡುತ್ತದೆ.

ಎರಡು ರೂಪಾಯಿಯ ಚಿಲ್ಲರೆಯ ತೊಂದರೆ ಇದ್ದೇ ಇತ್ತು. ಫೋನಿನಲ್ಲಿ ಹಣ ಕೊಡುವವರಿಗೆ ಅದು ತಟ್ಟಲಿಲ್ಲ, ಉಳಿದವರಿಗಾಗಿ ಎರಡರ ನಾಣ್ಯದ ಒಂದು ಡಬ್ಬಿ ಇಟ್ಟುಕೊಂಡರು. ದರ ಏರಿದ ಮೊದಲ ಹದಿನೈದು ದಿನ ಸರಾಸರಿ 184 ಕಪ್ಪು ಹೋದವು. ಎಲ್ಲ ಖರ್ಚು ಕಳೆದು ದಿನಕ್ಕೆ 787 ರೂಪಾಯಿ ನಿಂತಿತು. ಈಗ ಸಕ್ಕರೆ, ಪುಡಿಯನ್ನು ಅವರು ನಗದು ಒಯ್ಯುತ್ತಾರೆ. ಮನೆಗೆ 600 ತೆಗೆದಿಟ್ಟು ಮಿಕ್ಕ 187ರಲ್ಲಿ 150ನ್ನು ರಾತ್ರಿ ಅಂಗಡಿ ಮುಚ್ಚುವ ಮೊದಲು ಹಳೆಯ ಖಾತೆಗೆ ಜಮಾ ಮಾಡಿ ಹೋಗುತ್ತಾರೆ. ಹೀಗೆಯೇ ನಡೆದರೆ 23,600 ತೀರಲು ಐದು ತಿಂಗಳ ಮೇಲೆ ಏಳೆಂಟು ದಿನ ಬೇಕು. ಉಳಿದ 37 ರೂಪಾಯಿ ಮಗಳ ಹೆಸರಿನ ಡಬ್ಬಿಗೆ ಬೀಳುತ್ತದೆ. ಕಪ್ಪಿನ ಎಣಿಕೆ ಅಂಗಡಿಯ ಗೋಡೆಯ ಮೇಲೆ ಸಿಲಿಂಡರಿನ ತಾರೀಖಿನ ಪಕ್ಕದಲ್ಲಿ ದಿನಾ ಬರೆದಿರುತ್ತದೆ.